ಕೆಳಗೆ ಬರೆದ ಎರಡನೆಯ ಸಾಲು

ಮುಳಬಾಗಿಲಿನಲ್ಲಿ ಲೆಕ್ಕ ಬರೆಯುತ್ತಿದ್ದ ತಾತ ನನಗೆ ಕಲಿಸಿದ್ದು ಒಂದೇ ಪಾಠ. ಬರೆದದ್ದನ್ನು ಅಳಿಸಬಾರದು, ತಪ್ಪಿದ್ದರೆ ಕೆಳಗೆ ಹೊಸ ಸಾಲು ಬರೆಯಬೇಕು. ನನ್ನ ದಿನಚರಿಗಳೆಲ್ಲ ಹಾಗೇ ಇವೆ.

ಎರಡು ಸಾವಿರದ ಎಂಟರ ಸುಮಾರಿಗೆ ಕೋಲಾರದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತಿದ್ದೆ. ದೇವರಾಯಸಮುದ್ರದ ಬಳಿ ಟೊಮೆಟೊ ಸಸಿಗಳ ನರ್ಸರಿ ನಡೆಸುತ್ತಿದ್ದ ಅಕ್ಕ ನಮ್ಮ ಗಿರಾಕಿ. ಸಸಿ ಹದಕ್ಕೆ ಬಂದಾಗ ಅವರ ವೆಬ್‌ಸೈಟು ಕೊಳ್ಳುವವರಿಗೆ, ಬಂದು ಒಯ್ಯುವವರೆಗೂ ಮತ್ತೆ ಮತ್ತೆ, ತಾನಾಗಿ ಇಮೇಲ್ ಕಳಿಸುತ್ತಿತ್ತು: ‘ನಿಮ್ಮ ಸಸಿ ಸಿದ್ಧವಾಗಿದೆ.’ ಶ್ರೀನಿವಾಸಪುರದ ದೊಡ್ಡ ತೋಟವೊಂದರ ಮ್ಯಾನೇಜರು ಮೊದಲ ಸಲ ನಲವತ್ತು ಟ್ರೇ ಹೇಳಿದ್ದರು. ಅವರು ಮೆಚ್ಚಿದರೆ ವರ್ಷವಿಡೀ ಅಕ್ಕನಿಗೆ ಕೆಲಸ.

ಆ ತಿಂಗಳೇ ವೆಬ್‌ಸೈಟನ್ನು ಹೊಸ ಸರ್ವರಿಗೆ ಸಾಗಿಸಿದ್ದೆ. ಒಂದು ವೆಬ್‌ಸೈಟಿನ ಹೆಸರಿನಲ್ಲಿ ಯಾವ ಸರ್ವರ್ ಇಮೇಲ್ ಕಳಿಸಬಹುದು ಎಂದು ಆ ಹೆಸರಿನ, ಅಂದರೆ ಡೊಮೇನಿನ, ದಾಖಲೆಯಲ್ಲಿ ಒಂದು ಸಾಲು ಇರುತ್ತದೆ. ಅದನ್ನು ಎಸ್‌ಪಿಎಫ್ ಅನ್ನುತ್ತಾರೆ; ಇಮೇಲ್ ಪಡೆಯುವ ಕಡೆಯ ಸರ್ವರ್ ಅದನ್ನು ನೋಡಿಯೇ ನಂಬುತ್ತದೆ. ಹಳೆಯ ಸರ್ವರಿನ ಸಾಲನ್ನು ಹಾಗೇ ಬಿಟ್ಟು, ಕೆಳಗೆ ಹೊಸದನ್ನು ಬರೆದೆ. ಪರೀಕ್ಷೆಗೆ ನಮ್ಮ ಅಂಗಡಿಯ ವಿಳಾಸಕ್ಕೇ ಒಂದು ಇಮೇಲ್ ಕಳಿಸಿದೆ. ಅಂಗಡಿಯ ಇಮೇಲೂ ಅದೇ ಸರ್ವರಿನಲ್ಲಿತ್ತು. ಒಳಗೊಳಗೇ ಹೋದದ್ದನ್ನು ಯಾರೂ ತಪಾಸಣೆ ಮಾಡಲಿಲ್ಲ. ‘ತಲುಪಿತು’ ಎಂದು ದಿನಚರಿಯಲ್ಲಿ ಬರೆದುಕೊಂಡೆ.

ಮೂರು ವಾರದ ಮೇಲೆ ಅಕ್ಕ ಫೋನ್ ಮಾಡಿದರು. ಹೋಗಿ ನೋಡಿದರೆ ನೆರಳುಪರದೆಯ ಕೆಳಗೆ ನಲವತ್ತು ಟ್ರೇ ಹಾಗೇ ಇದ್ದವು. ಸಸಿಗಳು ಮೊಣಕಾಲೆತ್ತರಕ್ಕೆ ಬಡಕಲಾಗಿ ಬೆಳೆದು, ಎಲ್ಲವೂ ಗೇಟಿನ ಕಡೆಗೇ ಬಾಗಿದ್ದವು. ಕೆಲವು ಅಲ್ಲೇ ಹೂ ಬಿಟ್ಟಿದ್ದವು.

“ನಿನ್ನ ವೆಬ್‌ಸೈಟು ಕೂಗಿ ಕರೀತದೆ ಅಂದ್ಯಲ್ಲಮ್ಮಾ. ಯಾರ ಕಿವೀಲಿ ಕೂಗ್ತು?”

“ಮೇಲ್ ಹೋಗಿದೆ ಅಕ್ಕಾ. ಬರ್ಕೊಂಡಿದ್ದೀನಿ.”

“ಬರ್ಕೊಂಡಿದ್ದೀಯ. ಇವಕ್ಕೆ ಓದಿ ಹೇಳು.”

ಇಬ್ಬರೂ ಬಸ್ಸು ಹಿಡಿದು ಶ್ರೀನಿವಾಸಪುರಕ್ಕೆ ಹೋದೆವು. ಮ್ಯಾನೇಜರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ, “ನೀವೇ ನೋಡ್ರಿ, ಒಂದೂ ಬಂದಿಲ್ಲ. ಕಾದೂ ಕಾದೂ ಬೇರೆ ಕಡೆ ತಗೊಂಡ್ವಿ” ಎಂದರು. ಸ್ಪ್ಯಾಮ್ ಫೋಲ್ಡರ್ ತೆರೆದೆ. ಆರು ಇಮೇಲ್‌ಗಳು, ಒಂದನ್ನೂ ತೆರೆದಿರಲಿಲ್ಲ. ನಿಮ್ಮ ಸಸಿ ಸಿದ್ಧವಾಗಿದೆ. ನಿಮ್ಮ ಸಸಿ ಸಿದ್ಧವಾಗಿದೆ.

ಇಮೇಲ್ ಎಲ್ಲಿಂದ, ಹೇಗೆ ಬಂತೆಂದು ತಿಳಿಸುವ ಹೆಡರನ್ನು ಒಂದರಲ್ಲಿ ತೆಗೆದು ಪೂರ್ತಿ ಓದಿದೆ. ಎಸ್‌ಪಿಎಫ್ ಎದುರು ‘ದೋಷ’ ಎಂದಿತ್ತು. ಒಂದು ಡೊಮೇನಿಗೆ ಅಂಥ ಸಾಲು ಒಂದೇ ಇರಬೇಕು. ಎರಡಿದ್ದರೆ ಯಾವುದನ್ನೂ ನಂಬುವುದಿಲ್ಲ, ಹೊಸದೂ ಲೆಕ್ಕಕ್ಕಿಲ್ಲ. ಹಳೆಯದನ್ನು ಅಳಿಸದೆ ಇದ್ದದ್ದರಿಂದಲೇ ಅಕ್ಕನ ಇಮೇಲ್‌ಗಳು ಗುರುತಿಲ್ಲದವಾಗಿದ್ದವು.

“ತಪ್ಪು ಅಕ್ಕಂದಲ್ಲ ಸರ್, ನಂದು.”

ಅವರು ಪರದೆಯನ್ನೇ ನೋಡಿದರು. “ಆರು ಸಲ ಕರ್ದಿದ್ದಾರೆ,” ಎಂದರು. ಆಮೇಲೆ ಅಕ್ಕನಿಗೆ, “ಮುಂದಿನ ನಾಟಿಗೆ ಹತ್ತು ಟ್ರೇ ಇಡಿ. ಫೋನ್ ಮಾಡಿ ಸಾಕು.”

ಸಂಜೆ ಅಂಗಡಿಯಲ್ಲಿ ಹಳೆಯ ಸಾಲನ್ನು ಅಳಿಸಿದೆ. ಮರುದಿನ ಹೊರಗಿನ ವಿಳಾಸಕ್ಕೆ ಕಳಿಸಿ ನೋಡಿದೆ, ಇನ್‌ಬಾಕ್ಸಿಗೇ ಹೋಯಿತು. ಆ ಆರು ಮಾತ್ರ ಆ ಫೋಲ್ಡರಿನಲ್ಲೇ ಉಳಿದವು.

ಭಾನುವಾರ ಆ ಹಾಳಾದ ಸಸಿಗಳನ್ನು ಕಿತ್ತೆಸೆಯಲು ಅಕ್ಕ ನನ್ನನ್ನೇ ಕರೆದರು. ನಲವತ್ತು ಟ್ರೇಗಳನ್ನೂ ಎಣಿಸುತ್ತ ಕಿತ್ತೆ. ದಿನಚರಿಯ ‘ತಲುಪಿತು’ ಇಂದಿಗೂ ಹಾಗೇ ಇದೆ. ಅದರ ಕೆಳಗೆ ಎರಡನೆಯ ಸಾಲನ್ನು ಬರೆದಿಲ್ಲ.