ಮಧ್ಯಾಹ್ನ ತಪ್ಪುವ ಕೈ

ಅರಸೀಕೆರೆಯಲ್ಲಿ ಷಡಕ್ಷರಪ್ಪನವರ ಕೊಬ್ಬರಿ ಎಣ್ಣೆ ಮಿಲ್ಲಿತ್ತು. ಅಲ್ಲಿ ನೇಮಿರಾಜನ ಹುದ್ದೆಗೆ ಎಲೆಕ್ಟ್ರಿಷಿಯನ್ ಎಂದು ಹೆಸರು. ಕೆಲಸ ಮಾತ್ರ ಸುಟ್ಟ ಫ್ಯೂಸಿಗೆ ತಂತಿ ಕಟ್ಟುವುದು, ಯಜಮಾನರು ಕೂಗಿದಾಗ ‘ಬಂದೆ ಸಾರ್’ ಅನ್ನುವುದು. ಹಳೇಬೀಡಿನಲ್ಲಿ ಅವನ ಅಮ್ಮ ಜಿನಮತಿ, ಬಸದಿಗೆ ಬಂದವರಿಗೆಲ್ಲ ಮಗ ಇಂಜಿನಿಯರ್ ಎಂದು ಹೇಳಿಟ್ಟಿದ್ದಳು. ಅದನ್ನು ತಿದ್ದುವ ಅವಸರ ಅವನಿಗೂ ಇರಲಿಲ್ಲ.

ನಿಜಕ್ಕೂ ಯಂತ್ರ ಬಲ್ಲವಳು ದ್ರಾಕ್ಷಾಯಣಿ. ಗಂಡಸಿ ಊರಿನ ತೆಂಗಿನ ತೋಟದವರ ಮಗಳು. ಹಾಸನದಲ್ಲಿ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಕಾರ್ಖಾನೆ ಸೇರಿದ್ದಳು. ಅಲ್ಲಿ ದಿನವಿಡೀ ಒಂದೇ ಬಗೆಯ ಬೋರ್ಡಿಗೆ ಬೆಸುಗೆ ಹಾಕಿ, ಆ ಬೋರ್ಡು ಕೊನೆಗೆ ಏನಾಗುತ್ತದೆ ಎಂದು ಕಾಣದೆ ಬೇಜಾರಾಗಿ ವಾಪಸು ಬಂದು ಈ ಮಿಲ್ಲು ಸೇರಿದವಳು. ಯಾವ ಯಂತ್ರ ಕೆಟ್ಟರೂ ಮೊದಲು ಅದರೆದುರು ಒಂದು ಖಾಲಿ ಡಬ್ಬ ಬೋರಲು ಹಾಕಿ ಕೂತು, ಕೊಬ್ಬರಿ ಬೆಲ್ಲ ಮೆಲ್ಲುತ್ತ ಸುಮ್ಮನೆ ನೋಡುವುದು ಅವಳ ಪದ್ಧತಿ. ಸ್ಕ್ರೂಡ್ರೈವರ್ ಹಿಡಿದೇ ಓಡಿಬರುವ ನೇಮಿರಾಜನಿಗೆ ಅದು ಶುದ್ಧ ಸೋಮಾರಿತನವಾಗಿ ಕಂಡಿತ್ತು.

ಎಂಬತ್ತಾರರ ಚಳಿಗಾಲಕ್ಕೆ ಮಿಲ್ಲಿಗೊಂದು ಯಂತ್ರದ ಕೈ ಬಂತು. ಮುಚ್ಚಳ ಒತ್ತಿದ ಎಣ್ಣೆ ಡಬ್ಬಗಳು ಬೆಲ್ಟಿನ ಮೇಲೆ ಸಾಲಾಗಿ ಹರಿದು ಬರುತ್ತಿದ್ದವು. ಹೆಂಗಸರು ಅವನ್ನು ಎತ್ತಿ ಪೆಟ್ಟಿಗೆಗೆ ಇಡುವಾಗ ತಗಡಿನ ಅಂಚು ಬೆರಳು ಕುಯ್ಯುತ್ತಿತ್ತು. ಅವರಲ್ಲಿ ಹುಚ್ಚಮ್ಮನ ಬೆರಳಿಗಂತೂ ಬಟ್ಟೆ ಸುತ್ತದ ದಿನವಿರಲಿಲ್ಲ. ಇನ್ನು ಎತ್ತುವ ಕೆಲಸ ಆ ಕೈಯದು, ಪೆಟ್ಟಿಗೆ ಕಟ್ಟುವುದು ಹೆಂಗಸರದು ಎಂದು ಯಜಮಾನರನ್ನು ಒಪ್ಪಿಸಿದ್ದವಳು ದ್ರಾಕ್ಷಾಯಣಿಯೇ. ಆದರೆ ಷಡಕ್ಷರಪ್ಪನವರು ಪರೀಕ್ಷೆಗೆಂದಷ್ಟೇ ತರಿಸಿದ್ದರು. ಸರಿಹೋಗದಿದ್ದರೆ ಶುಕ್ರವಾರ ಬೆಂಗಳೂರಿನ ಲಾರಿ ಬಂದು ಹೊತ್ತೊಯ್ಯಬೇಕು. ಕೈ ಹೋದರೆ ಅದಕ್ಕೆಂದೇ ಸೇರಿಸಿಕೊಂಡ ದ್ರಾಕ್ಷಾಯಣಿಯ ಕೆಲಸವೂ ಹೋದಂತೆ.

ಸರಿಹೋಗಿರಲಿಲ್ಲ. ಬೆಳಗ್ಗೆ ಎಲ್ಲ ಲಕ್ಷಣವಾಗಿ ನಡೆಯುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಕೈ ಡಬ್ಬ ಬರುವ ಮುಂಚೆಯೇ ಇಳಿದು ಗಾಳಿಯನ್ನು ಹಿಡಿಯುತ್ತಿತ್ತು. ಹಿಂದೆ ಬಂದ ಡಬ್ಬ ಮುಚ್ಚಿದ ಬೆರಳಿಗೆ ಢಿಕ್ಕಿ ಹೊಡೆದು ಉರುಳುತ್ತಿತ್ತು.

“ಮುದ್ದೆ ಉಂಡ್ರೆ ಅದಕ್ಕೂ ತೂಕಡಿಕೆ ಬತ್ತದೆ ಕಣಪ್ಪಾ,” ಎಂದಳು ಹುಚ್ಚಮ್ಮ ನೇಮಿರಾಜನಿಗೆ. “ನಿನ್ನ ಜೊತೆ ಸೇರಿ ಕಲ್ತದೆ.”

ನೇಮಿರಾಜ ಒಂದು ಉಪಾಯ ಹೂಡಿದ. ಕೈ ಯಾವಾಗ ಇಳಿಯಬೇಕೆಂದು ಹೇಳುವುದು ಒಂದು ಎಣಿಕೆಯ ಪೆಟ್ಟಿಗೆ. ಬೆಲ್ಟನ್ನು ಎಳೆಯುವ ಉರುಳೆಯ ತುದಿಗೆ ಎನ್‌ಕೋಡರ್ ಎಂಬ ಗುಂಡನೆಯ ಸಾಧನ ಕೂರಿಸಿದ್ದರು. ಅದರೊಳಗೆ ಸೀಳುಗಳಿರುವ ತಟ್ಟೆ, ಒಂದು ಪಕ್ಕ ದೀಪ, ಇನ್ನೊಂದು ಪಕ್ಕ ಬೆಳಕು ಕಾಣುವ ಕಣ್ಣು. ಉರುಳೆ ತಿರುಗಿದಂತೆ ಒಂದೊಂದು ಸೀಳಿಗೂ ಒಂದು ಮಿಡಿತ. ಡಬ್ಬ ಬೆಲ್ಟಿನ ಬಾಯಲ್ಲಿರುವ ಇನ್ನೊಂದು ದೀಪವನ್ನು ದಾಟಿದ ಕೂಡಲೇ ಎಣಿಕೆ ಶುರು. ಮಿಡಿತಗಳು ಎಣಿಕೆಯ ಪೆಟ್ಟಿಗೆಯಲ್ಲಿ ಇಟ್ಟ ಅಂಕಿಯನ್ನು ಮುಟ್ಟಿದರೆ ಕೈ ಇಳಿಯಿತು. ಕೈ ಬೇಗ ಇಳಿಯುತ್ತದಲ್ಲ, ಅಂಕಿಯನ್ನೇ ಹೆಚ್ಚಿಸಿದರಾಯಿತು ಎಂದುಕೊಂಡ. ಹಾಗೆ ಅವನ ಬಳಿ ಒಂದು ಬೆಳಗಿನ ಅಂಕಿ, ಒಂದು ಮಧ್ಯಾಹ್ನದ ಅಂಕಿ ಹುಟ್ಟಿತು. ಮಧ್ಯಾಹ್ನದ ಅಂಕಿ ಒಂದು ಡಬ್ಬಕ್ಕೆ ಸರಿಹೋದರೆ ಮುಂದಿನದಕ್ಕೆ ಸರಿಹೋಗುತ್ತಿರಲಿಲ್ಲ. ಅದನ್ನು ತಿರುಗಿ ಬದಲಿಸಲು ಮರೆತ ದಿನ ಬೆಳಗ್ಗೆಯೂ ಡಬ್ಬ ಉರುಳಿದವು. ಯಂತ್ರ ಅರ್ಧ ದಿನ ಕೆಟ್ಟಿತ್ತು, ಅವನು ಪೂರ್ತಿ ದಿನ ಕೆಡಿಸಿದ.

“ಇನ್ನೇನು ರಿಪೇರಿ ಉಳಿದಿದೆ ನಿನ್ನದು?” ಎಂದಳು ದ್ರಾಕ್ಷಾಯಣಿ, ಕೋಪವಿಲ್ಲದೆ. “ಉಳಿದಿಲ್ಲ ಅಂದ್ರೆ ಆ ಸೀಮೆಸುಣ್ಣ ಕೊಡು.”

ಬುಧವಾರ ಬೆಳಗ್ಗೆ ಅವಳು ಬೆಲ್ಟಿಗೆ ಅಡ್ಡಲಾಗಿ ಒಂದು ಗೆರೆ ಎಳೆದಳು. ಗೆರೆ ಒಂದು ಸುತ್ತು ಸುತ್ತಿ ಅದೇ ಜಾಗಕ್ಕೆ ಬರುವಷ್ಟರಲ್ಲಿ ಎಷ್ಟು ಮಿಡಿತವಾಯಿತೆಂದು ಓದಿದಳು. ಮತ್ತೆ ಮತ್ತೆ ಓದಿದರೂ ಅಷ್ಟೇ. ಊಟವಾದ ಮೇಲೆ ಬಂದು ಓದಿದರೆ ಅದೇ ಸುತ್ತಿಗೆ ಮಿಡಿತ ಹೆಚ್ಚು. ಮುಂದಿನ ಸುತ್ತಿಗೆ ಇನ್ನೂ ಹೆಚ್ಚು.

“ಬೆಲ್ಟು ಉದ್ದ ಆಯ್ತಾ ಮೇಡಂ?” ಎಂದ ನೇಮಿರಾಜ.

“ಬೆಲ್ಟು ಅಷ್ಟೇ ಇದೆ. ಉರುಳೆ ತಿರುಗ್ತಿದೆ, ಬೆಲ್ಟು ಅದರ ಮೇಲೆ ಜಾರ್ತಿದೆ. ನಮ್ಮ ಎನ್‌ಕೋಡರ್ ಉರುಳೆ ಹೇಳಿದ್ದನ್ನ ಕೇಳುತ್ತೆ. ಡಬ್ಬ ಕೂತಿರೋದು ಬೆಲ್ಟಿನ ಮೇಲೆ.”

ಡಬ್ಬ ಇನ್ನೂ ಹಿಂದೆಯೇ ಇರುವಾಗ ಬಂದೇ ಬಿಟ್ಟಿತೆಂದು ಕೈ ಇಳಿಯುತ್ತಿತ್ತು. ಆದರೆ ಜಾರುವುದು ಮಧ್ಯಾಹ್ನವೇ ಏಕೆ? ಅವಳು ಕೂತು ಕೊಬ್ಬರಿ ಬೆಲ್ಲ ತಿಂದಳು. ಎಣ್ಣೆ ತುಂಬುವ ನಳಿಗೆಯ ಕೆಳಗೆ ಬೆಲ್ಟಿನ ಚೌಕಟ್ಟಿನ ಮೇಲೆ ಹನಿ ಬೀಳುತ್ತಿತ್ತು. ಆ ಚಳಿಗೆ ಬೆಳಗ್ಗೆ ಹನಿಗಳು ಮೇಣದಂತೆ ಹೆಪ್ಪುಗಟ್ಟಿ ಬಿದ್ದಲ್ಲೇ ಕೂತಿರುತ್ತಿದ್ದವು. ಬಿಸಿಲೇರಿ ತಗಡಿನ ಚಾವಣಿ ಕಾದ ಮೇಲೆ ಕರಗಿ, ಚೌಕಟ್ಟಿನ ಗುಂಟ ಹರಿದು ಉರುಳೆಯ ಮೇಲೆ ಇಳಿಯುತ್ತಿದ್ದವು.

“ಹಾಗಾದ್ರೆ ಮಾರನೇ ಬೆಳಗ್ಗೆನೂ ಜಾರಬೇಕಿತ್ತಲ್ಲ?” ಎಂದು ನೇಮಿರಾಜ ಬುದ್ಧಿವಂತನಂತೆ ಕೇಳಿದ.

“ದಿನಾ ಸಂಜೆ ಉರುಳೆಗೆ ಮರದ ಹೊಟ್ಟು ಹಾಕಿ ಫಳಫಳ ಒರೆಸೋರು ಯಾರು?”

ಒರೆಸುವವನು ಅವನೇ. ಆ ಮಿಲ್ಲಿನಲ್ಲಿ ಅವನು ಯಾರೂ ಹೇಳದೆ ಮಾಡುತ್ತಿದ್ದ ಏಕೈಕ ಕೆಲಸ ಅದು. ಅದರಿಂದಲೇ ಇಷ್ಟು ದಿನ ಕಾರಣ ಮರೆಯಾಗಿತ್ತು. ಹುಚ್ಚಮ್ಮ ನಕ್ಕಿದ್ದು ಅಂಗಳದವರೆಗೂ ಕೇಳಿಸಿತು.

ನಳಿಗೆಯ ಕೆಳಗೆ ಒಂದು ತಟ್ಟೆ ಕಟ್ಟಿ ಸುಮ್ಮನಾಗಬಹುದಿತ್ತು. ದ್ರಾಕ್ಷಾಯಣಿ ಅದನ್ನೂ ಕಟ್ಟಿಸಿದಳು. ಆದರೆ ಎಣ್ಣೆ ಮಿಲ್ಲಿನಲ್ಲಿ ಎಣ್ಣೆ ಒಂದಲ್ಲ ಒಂದು ಕಡೆ ಸೋರುತ್ತದೆ, ಎಣಿಸುವವನು ಬೆಲ್ಟನ್ನೇ ಮುಟ್ಟಿಕೊಂಡಿರಬೇಕು ಎಂದಳು. ಲೇತ್ ಬೋರಯ್ಯನ ಬಳಿ ಒಂದು ಪುಟ್ಟ ಚಕ್ರ ಕಡೆಸಿ, ಅದಕ್ಕೆ ರಬ್ಬರಿನ ಬಳೆ ತೊಡಿಸಿ, ಎನ್‌ಕೋಡರನ್ನು ಉರುಳೆಯಿಂದ ಬಿಚ್ಚಿ ಆ ಚಕ್ರಕ್ಕೆ ಸೇರಿಸಿದಳು. ಚಕ್ರ ಬೆಲ್ಟಿನ ಒಣ ಅಂಚಿನ ಮೇಲೆ ಸ್ಪ್ರಿಂಗಿನ ಒತ್ತಡದಲ್ಲಿ ಕೂತು ಓಡಿತು. ಚಿಕ್ಕ ಚಕ್ರವಾದ್ದರಿಂದ ಬೆಲ್ಟಿನ ಅದೇ ಅಳತೆಗೆ ಸುತ್ತು ಹೆಚ್ಚು, ಮಿಡಿತವೂ ಹೆಚ್ಚು. ಹಳೆಯ ಅಂಕಿಗಳೆಲ್ಲ ಹೋಗಿ ಹೊಸದೊಂದು ಅಂಕಿ ಬಂತು. ನೇಮಿರಾಜ ತನ್ನ ಎರಡೂ ಅಂಕಿಗಳಿಗೆ ಮನಸ್ಸಿನಲ್ಲೇ ತರ್ಪಣ ಬಿಟ್ಟ. ಗುರುವಾರ ಮಧ್ಯಾಹ್ನ ಅವಳು ಬೇಕೆಂದೇ ಉರುಳೆಗೆ ಎಣ್ಣೆ ಸವರಿದಳು. ಬೆಲ್ಟು ತಡವರಿಸಿತು. ಕೈ ಕಾದು, ಡಬ್ಬ ಬಂದ ಮೇಲೆಯೇ ಹಿಡಿಯಿತು.

ಶುಕ್ರವಾರ ಊಟದ ಹೊತ್ತಿಗೆ ಲಾರಿ ಬಂತು. ಷಡಕ್ಷರಪ್ಪನವರು ಹೆಗಲ ವಸ್ತ್ರ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು. ಒಂದು ಡಬ್ಬವೂ ಬೀಳಲಿಲ್ಲ. ನಂತರ ಯಾರನ್ನೂ ಕೇಳದೆ ಬೆಲ್ಟಿನ ವೇಗದ ಹಿಡಿ ತಿರುಗಿಸಿದರು. “ಇಷ್ಟು ನಿಧಾನಕ್ಕಾದ್ರೆ ನಮ್ಮ ಹುಚ್ಚಮ್ಮ ಸಾಕಾಗಿತ್ತು.”

ಬೆಲ್ಟು ಓಡಿತು. ಡಬ್ಬ ದಾಟಿಹೋದ ಮೇಲೆ ಕೈ ಇಳಿಯಿತು. ನೇಮಿರಾಜ ಚಕ್ರವನ್ನು ಬಿಗಿ ಮಾಡಲು ಓಡಿದ.

“ಅದನ್ನ ಮುಟ್ಬೇಡ,” ಎಂದಳು ದ್ರಾಕ್ಷಾಯಣಿ. “ಚಕ್ರ ಸರಿಯಾಗೇ ಎಣಿಸ್ತಿದೆ.” ಯಜಮಾನರ ಕಡೆ ತಿರುಗಿದಳು. “ಸಾರ್, ಸ್ಟೇಷನ್ನಿನಲ್ಲಿ ರೈಲು ಹೊರಟ ಮೇಲೆ ಕಿಟಕಿಗೆ ಇಡ್ಲಿ ಪೊಟ್ಟಣ ಕೊಡೋನನ್ನ ನೋಡಿದೀರಲ್ಲ? ರೈಲು ಜೋರಾದಷ್ಟೂ ಅವನು ಮುಂಚೆನೇ ಕೈ ಚಾಚಬೇಕು. ಈ ಕೈ ಇಳಿದು ಬೆರಳು ಮುಚ್ಚೋಕೆ ತಗೊಳ್ಳೋ ಹೊತ್ತು ಯಾವಾಗ್ಲೂ ಒಂದೇ. ಅಷ್ಟು ಹೊತ್ತಲ್ಲಿ ಡಬ್ಬ ಈಗ ಇನ್ನೂ ದೂರ ಹೋಗ್ತಿದೆ. ಕೈ ಬೇಗ ಹೊರಡಬೇಕು, ಅಷ್ಟೇ.”

ಅಂಕಿಯನ್ನು ಸ್ವಲ್ಪ ಇಳಿಸಿದಳು. ಕೈ ಮುಂದಿನ ಡಬ್ಬದ ಅಂಚನ್ನು ಸವರಿತು. ಇನ್ನಷ್ಟು ಇಳಿಸಿದಳು. ಅದರಾಚೆಯ ಡಬ್ಬ ಎರಡು ಬೆರಳ ನಡುವೆ ಬಂದು ನಿಂತಂತೆ ಸಿಕ್ಕಿತು, ಎದ್ದಿತು, ಪೆಟ್ಟಿಗೆಯಲ್ಲಿ ಕೂತಿತು. ಆಮೇಲಿನದೂ ಹಾಗೆಯೇ. ನೇಮಿರಾಜನಿಗೆ ಈಗ ಸ್ಕ್ರೂಡ್ರೈವರ್ ಎಲ್ಲಿಡಬೇಕೆಂದೇ ತೋಚಲಿಲ್ಲ. ಅವನು ಯಂತ್ರವನ್ನು ಬಿಟ್ಟು ಅವಳ ಮುಖ ನೋಡುತ್ತಿದ್ದ. ಅವಳು ಅವನನ್ನಾಗಲಿ ಯಜಮಾನರನ್ನಾಗಲಿ ನೋಡದೆ ಮುಂದಿನ ಡಬ್ಬವನ್ನೇ ನೋಡುತ್ತಿದ್ದಳು.

ಲಾರಿಯ ಡ್ರೈವರ್ ಬಾಗಿಲಲ್ಲಿ ನಿಂತು, “ಯಾವಾಗ ಬಿಚ್ತೀರ ಸ್ವಾಮಿ? ಕತ್ತಲಾಗೋದ್ರೊಳಗೆ ತಿಪಟೂರು ದಾಟ್ಬೇಕು,” ಎಂದ.

“ಬಿಚ್ಚೋದೇನು ಬಂತು,” ಎಂದರು ಷಡಕ್ಷರಪ್ಪನವರು. “ಖಾಲಿ ಹೋಗ್ತಿಯಲ್ಲ, ಬೆಂಗಳೂರಿಗೆ ಕಳಿಸೋ ಡಬ್ಬ ಹಾಕ್ಕೊಂಡು ಹೋಗು. ಏನ್ಲಾ ನೇಮಿರಾಜ, ನಿಂತ್ಕೊಂಡೇನು ನೋಡ್ತಿದ್ದೀಯ? ಲೋಡು ಮಾಡ್ಸು. ಅಮ್ಮಾ ದ್ರಾಕ್ಷಾಯಣಿ, ಇನ್ನೂ ಜೋರು ಓಡ್ಸಿದ್ರೆ ಅಂಕಿ ಎಷ್ಟು ಇಳಿಸ್ಬೇಕಮ್ಮ?”

“ಸೋಮವಾರ ನೋಡೋಣ ಸಾರ್,” ಎಂದಳು ದ್ರಾಕ್ಷಾಯಣಿ.

ಸೋಮವಾರವೂ ಅವಳು ಇಲ್ಲಿರುತ್ತಾಳೆ ಎಂದಾಯಿತು. ನೇಮಿರಾಜ ಮೊದಲ ಪೆಟ್ಟಿಗೆಯನ್ನು ತಾನೇ ಹೊತ್ತು ಲಾರಿಯ ಕಡೆ ನಡೆದ.