ಪರ್ಗೋಲಾ ಪಕ್ಕದ ನೆರಳು

ಬಿಟಿಎಂ ಲೇಔಟಿನ ಆರ್ಕಿಟೆಕ್ಟ್ ಆಫೀಸೊಂದರ ಮೌನೇಶ ಅರ್ಧ ಬೆಂಗಳೂರನ್ನು ಕಟ್ಟಿದವನು. ಒಂದು ಇಟ್ಟಿಗೆಯನ್ನೂ ಮುಟ್ಟಿದವನಲ್ಲ. ಲಿಂಗಸುಗೂರಿನಿಂದ ಬಂದು ಮಡಿವಾಳದಲ್ಲಿ ಬಾಡಿಗೆಗಿದ್ದ. ಇನ್ನೂ ಕಟ್ಟದ ಮನೆಗಳನ್ನು ಕಂಪ್ಯೂಟರಿನಲ್ಲಿ ಫೋಟೋದಂತೆ ತೋರಿಸುವುದು ಅವನ ಕಸುಬು. ಅದಕ್ಕೆ ರೆಂಡರ್ ಎನ್ನುತ್ತಾರೆ. ಅವನ ಚಿತ್ರದ ಮಲ್ಲಿಗೆಗೆ ಸಿಲ್ಕ್ ಬೋರ್ಡ್ ಕಡೆಯಿಂದ ಜೇನುಹುಳು ಹುಡುಕಿಕೊಂಡು ಬರುತ್ತಿದ್ದವಂತೆ. ಕಂಪ್ಯೂಟರ್ ಮಾತ್ರ ಮಹಾ ನಿಧಾನ. ರೆಂಡರ್ ಗುಂಡಿ ಒತ್ತಿ, ಊರಿಗೆ ಹೋಗಿ, ಮದುವೆ ಮಾಡಿಕೊಂಡು ಬಂದರೂ ಅರ್ಧ ಮೋಡ ಬಾಕಿ ಇರುತ್ತಿತ್ತು.

ಎರಡು ಸಾವಿರದ ಏಳರಲ್ಲಿ ಜೆ.ಪಿ. ನಗರದ ಚಿಕ್ಕಬೈರಪ್ಪ ಬಂದರು. ಹೊಲವೆಲ್ಲ ಸೈಟಾಗಿ, ಸೈಟಿನಲ್ಲಿ ಮಹಡಿ ಮನೆ ಎದ್ದು, ಈಗ ಮಹಡಿಯ ಮೇಲೆ ತೋಟ ಬೇಕಿತ್ತು. ಮೇಲಿನ ಮನೆಗೆ ಒಳ್ಳೆ ಬಾಡಿಗೆದಾರರು ಬರಲಿ ಎಂದು.

ಮೌನೇಶ ಟೆರೇಸ್ ಅಳೆಯಲು ಹೋದಾಗ ಪಡುವಣ ಮೂಲೆಯಲ್ಲಿ ಚಿಕ್ಕಬೈರಪ್ಪನ ತಾಯಿ ಕೆಂಪಕ್ಕ ಕಾಲು ನೀಡಿ ಎಲೆ ಅಡಿಕೆ ಹಾಕುತ್ತಿದ್ದಳು. ಸಂಜೆಯಾದರೆ ಅವಳಿಗೆ ಅದೇ ಜಾಗ.

"ನನ್ನೂ ಹಾಕ್ಕೊಳಪ್ಪ ನಿನ್ನ ಚಿತ್ರದಾಗೆ," ಎಂದಳು. "ಇಲ್ಲಾಂದ್ರೆ ನನ್ನ ಮಗ ಇಲ್ಲೊಂದು ಹೂಕುಂಡ ಕೂರಿಸ್ಬಿಡ್ತಾನೆ. ಕುಂಡನ ಎಬ್ಬಿಸಿ ನಾನು ಕೂರಕ್ಕಾಯ್ತದಾ?"

"ಹಾಕ್ತೀನಿ ಬಿಡ್ರಿ ಅಜ್ಜಿ."

ಆಫೀಸಿನಲ್ಲಿದ್ದ ಸಿದ್ಧ ಆಕೃತಿಗಳ ಸಿಡಿಯೊಂದರಲ್ಲಿ ಕುಳಿತ ಮುದುಕಿಯ ಆಕೃತಿಯಿತ್ತು. ಅದಕ್ಕೆ ಹಸಿರು ಸೀರೆಯ ಬಣ್ಣ ಕೊಟ್ಟು ಮೂಲೆಯಲ್ಲಿ ಕೂರಿಸಿದ. ಚಿಕ್ಕಬೈರಪ್ಪ ನೋಡಿದರು.

"ಸಖತ್ತಾಗೈತೆ ಗುರು. ಅವ್ವನ್ನ ಮಾತ್ರ ತೆಗೀರಿ. ಬಾಡಿಗೆಗೆ ಬರೋರು, ಮನೆ ಜೊತೆ ಮುದುಕೀನೂ ಕೊಡ್ತೀರಾ ಅಂತಾರೆ. ಆ ಜಾಗ ಖಾಲಿ ಬಿಡಿ, ದೊಡ್ಡ ಕುಂಡ ಇಡಿಸ್ತೀನಿ."

ಮಾತು ಕೊಟ್ಟು ಅಜ್ಜಿಯನ್ನು ಅಳಿಸಲು ಮೌನೇಶನಿಗೆ ಮನಸ್ಸಾಗಲಿಲ್ಲ. ಆಕೃತಿ ಚಿತ್ರದಲ್ಲಿ ಕಾಣಿಸದಂತೆ ಕಂಪ್ಯೂಟರಿನಲ್ಲಿ ಒಂದು ಟಿಕ್ ತೆಗೆದ, ಅಷ್ಟೆ. ನೆರಳಿನ ಟಿಕ್ ಬೇರೆ ಇರುತ್ತದೆ. ಅದು ಹಾಗೆಯೇ ಉಳಿಯಿತು.

ದೊಡ್ಡ ಪ್ರಿಂಟ್ ಚಿಕ್ಕಬೈರಪ್ಪನ ಹಾಲ್ ಸೇರಿತು. ಮರದ ಪಟ್ಟಿಗಳ ಚಪ್ಪರದಂಥ ಪರ್ಗೋಲಾ, ಸಾಲು ಕುಂಡಗಳು, ಮೇಲೆ ಜೋತಾಡುವ ಹಳದಿ ಬಲ್ಬಿನ ಸರ, ಮುಳುಗುವ ಸೂರ್ಯ. ಮೊದಲು ಕಂಡದ್ದು ಕೆಂಪಕ್ಕನ ಸೊಸೆ ಸೊಣ್ಣಮ್ಮನಿಗೆ. ಪಡುವಣ ಮೂಲೆಯಿಂದ ನೆಲದ ಮೇಲೆ ಉದ್ದಕ್ಕೆ ಒಂದು ನೆರಳು ಚಾಚಿತ್ತು. ತುರುಬು, ಬಾಗಿದ ಬೆನ್ನು, ನೀಡಿದ ಕಾಲು. ಅಲ್ಲಿ ಯಾರೂ ಕುಳಿತಿರಲಿಲ್ಲ.

"ಇದು ಅತ್ತೆ ಕಣ್ರೀ," ಎಂದಳು ಸೊಣ್ಣಮ್ಮ. "ಅತ್ತೆ ಎಲ್ರೀ ಇದ್ರಾಗೆ?"

ಕೆಂಪಕ್ಕ ಹತ್ತಿರ ಬಂದು ನೋಡಿದಳು. "ನಾನು ಹೋದ್ಮೇಲಿನ ಚಿತ್ರ ಇದು," ಎಂದಳು, ನಾಳೆ ಮಳೆ ಬರುತ್ತದೆ ಎನ್ನುವಂತೆ. ಅವತ್ತಿನಿಂದ ಮೆಟ್ಟಿಲು ಹತ್ತಲಿಲ್ಲ. ಊಟವೂ ಕಡಿಮೆಯಾಯಿತು. ಮನೆಯ ಬೆಕ್ಕು ಹಾಲ್ ಬಿಟ್ಟು ತ್ಯಾಗರಾಜನಗರದಲ್ಲಿ ಬೇರೆ ಸಂಸಾರ ನೋಡಿಕೊಂಡಿತು.

ಚಿಕ್ಕಬೈರಪ್ಪ ಹೆಂಡತಿಯೊಂದಿಗೆ ಆಫೀಸಿಗೆ ಓಡಿ ಬಂದರು. "ಆ ನೆರಳು ಅಳ್ಸಿ ಮೊದ್ಲು."

ಮೌನೇಶನ ಕೈ ಮೌಸಿನ ಮೇಲಿತ್ತು.

"ಬದುಕಿರೋರ ನೆರಳು ಅಳಿಸ್ತಾರಾ?" ಎಂದಳು ಸೊಣ್ಣಮ್ಮ, ಮೆಲ್ಲಗೆ.

ಕೈ ಕೆಳಗಿಳಿಯಿತು. ಚಿಕ್ಕಬೈರಪ್ಪ ಆರ್ಕಿಟೆಕ್ಟ್ ಮುಖ ನೋಡಿದರು. ಆರ್ಕಿಟೆಕ್ಟ್ ಫೋನ್ ಬಂದವರಂತೆ ಹೊರಗೆ ಹೋದರು. ಫೋನ್ ಮೇಜಿನ ಮೇಲೇ ಇತ್ತು.

"ಅಳಸೂದು ನನ್ನಿಂದ ಆಗಂಗಿಲ್ರೀ," ಎಂದ ಮೌನೇಶ. "ಆದ್ರ ಅಜ್ಜಿನ ವಾಪಸ್ ಕರೀಬಹುದು. ಒಂದು ಟಿಕ್ ಹಾಕಿದ್ರ ಆತು."

"ಕರೀರಿ. ಕುಂಡ ಬ್ಯಾಡ. ಆ ಮೂಲೆ ಅವ್ವಂದೇ."

ಕೆಂಪಕ್ಕನನ್ನು ಆಟೋದಲ್ಲಿ ಕರೆತಂದು ಪರದೆಯ ಎದುರು ಕೂರಿಸಿದರು. ಚಿತ್ರ ಚೌಕ ಚೌಕವಾಗಿ ಮೇಲಿನಿಂದ ಇಳಿಯತೊಡಗಿತು. ಆಕಾಶ ಬಂತು. ಬಲ್ಬಿನ ಸರ ಹೊತ್ತಿತು. ಪರ್ಗೋಲಾದ ಪಟ್ಟಿಗಳು ಒಂದೊಂದಾಗಿ ಕೂಡಿಕೊಂಡವು. ಗೋಡೆಯ ಗಡಿಯಾರ ಕೂಡ ನಿಂತು ನೋಡಿತೆಂದು ಆಫೀಸಿನವರು ಹೇಳುತ್ತಾರೆ. ತುರುಬು ಬಂತು. ಹಸಿರು ಸೀರೆ ಬಂತು. ಕಾಲು ಬಂತು.

"ಬಂದ್ಯಲ್ಲವ್ವ," ಎಂದರು ಚಿಕ್ಕಬೈರಪ್ಪ.

ಕೆಂಪಕ್ಕ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ನೆರಳು ನಂದೇ. ಕೂತಿರೋಳು ನಾನಲ್ಲ. ಯಾರಪ್ಪ ಇವಳು?"

"ಸಿಡಿಯಾಗಿನ ಅಜ್ಜಿ ರೀ. ಯಾವ ದೇಶದಾಕಿನೋ, ನಂಗೂ ಗೊತ್ತಿಲ್ಲ."

"ಪಾಪ, ಅಷ್ಟು ದೂರದಿಂದ ಬಂದವಳೆ. ಎಬ್ಬಿಸ್ಬ್ಯಾಡ," ಎಂದಳು ಕೆಂಪಕ್ಕ. "ಮೂಲೆ ದೊಡ್ದೈತೆ. ಪಕ್ಕದಾಗೆ ನಾನು ಕೂತ್ಕತೀನಿ."

ಆ ರಾತ್ರಿ ಅವಳು ಮುದ್ದೆ ಉಂಡಳು.

ತೋಟ ಚಿತ್ರದಲ್ಲಿದ್ದಂತೆಯೇ ಎದ್ದಿತು. ಪಡುವಣ ಮೂಲೆಗೆ ಕುಂಡ ಬರಲಿಲ್ಲ. ದೀಪದ ಸರ ಹೊತ್ತುವ ಹೊತ್ತಿಗೆ ಕೆಂಪಕ್ಕ ಮೆಟ್ಟಿಲು ಹತ್ತುತ್ತಾಳೆ. ಗೋಡೆಗೊರಗುವ ಒಳ್ಳೆಯ ಜಾಗವನ್ನು ಚಿತ್ರದ ಅಜ್ಜಿಗೆ ಬಿಟ್ಟು, ಒಂದು ಮೊಳ ಈಚೆಗೆ ಸರಿದು ಕೂರುತ್ತಾಳೆ. ಎಲೆಗೆ ಸುಣ್ಣ ಸವರಿ ಮಡಿಸಿ ಒಂದನ್ನು ಆಚೆ ಇಡುತ್ತಾಳೆ. ಬೆಳಿಗ್ಗೆ ಸೊಣ್ಣಮ್ಮ ಗುಡಿಸಲು ಹೋದಾಗ ಅದು ಅಲ್ಲಿರುವುದಿಲ್ಲ. ಅಳಿಲಿನ ಕೆಲಸ ಎನ್ನುತ್ತಾಳೆ, ಮತ್ತೆ ಬೇಗ ಬೇಗ ಗುಡಿಸಿ ಇಳಿದುಬಿಡುತ್ತಾಳೆ.