ಬಿಡುಗಡೆಯ ಮೇಲೆ ಬಂದ ಮೇಲ್ಮನವಿ

ಪುಟ್ಟೀ, ಕುಟ್ಟಾ,

ನಿಮ್ಮ ಅಪ್ಪ ಕೋರ್ಟಿನಲ್ಲಿ ನಿಂತವನು ಎಂದು ಒಂದು ದಿನ ಯಾರಾದರೂ ನಿಮಗೆ ಹೇಳುತ್ತಾರೆ. ಅವನಾಗಿ ಹೇಳುವವನಲ್ಲ. ನಿಮ್ಮ ಅಜ್ಜಿಯಾದ ನನಗೂ ಎದುರು ಕೂತು ಮಾತನಾಡಲು ನಾಚಿಕೆ. ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಅಕ್ಷರ ಇದೆಯಲ್ಲ, ಅದರಲ್ಲಿ ಬರೆದಿಡುತ್ತೇನೆ.

ಆಗ ನಿಮ್ಮ ಅಪ್ಪ ಬಂದರಿನ ದಕ್ಕೆಯಿಂದ ಮೀನಿನ ಟೆಂಪೋ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಪಂಪ್‌ವೆಲ್ಲಿನ ಸರ್ವಿಸ್ ರಸ್ತೆಯಲ್ಲಿ, ನಿಂತಿದ್ದ ಬಸ್ಸಿನ ಎದುರಿನಿಂದ ಒಬ್ಬರು ದಾಟಲು ಬಂದರು. ಟೆಂಪೋ ಬಡಿಯಿತು. ಅವರು ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ಕಾವಲಿಗಿದ್ದವರು, ಕೆಲಸ ಮುಗಿಸಿ ಮನೆಗೆ ಹೊರಟಿದ್ದರು. ನಿಮ್ಮ ಅಪ್ಪನೇ ಎತ್ತಿ ರಿಕ್ಷಾದಲ್ಲಿ ಹಾಕಿಕೊಂಡು ಹೋದ. ಮಧ್ಯಾಹ್ನಕ್ಕೆ ಅವರು ತೀರಿಕೊಂಡರು. ಅಜಾಗರೂಕತೆಯಿಂದ ಗಾಡಿ ಓಡಿಸಿ ಸಾವಿಗೆ ಕಾರಣನಾದ ಎಂದು ಇವನ ಮೇಲೆ ಕೇಸಾಯಿತು. ತಪ್ಪು ಎಂದಾದರೆ ಎರಡು ವರ್ಷದವರೆಗೆ ಜೈಲು.

ಆ ವಾರ ನಾನೊಂದು ಕೆಲಸ ಮಾಡಿದೆ. ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವುದು ನಮ್ಮಲ್ಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆಂದು ಐದು ಸೇರು ಅಕ್ಕಿ, ಎರಡು ತೆಂಗಿನಕಾಯಿ ಹಿಡಿದುಕೊಂಡು ಹೋದೆ. ನಿಮ್ಮ ಅಪ್ಪ ಗೇಟಿನ ಹತ್ತಿರವೇ ನಿಂತ. ತೀರಿಕೊಂಡವರ ಹೆಂಡತಿ ಬಾಗಿಲಲ್ಲಿ ಕೂತಿದ್ದರು, ಹಣೆ ಬರಿದು. ನನ್ನ ಹಣೆಯೂ ಬರಿದು. ಬೇರೆ ಮಾತು ಬರದೆ, "ನಮ್ಮ ಗಾಡಿಯಿಂದ ಹೀಗಾಯಿತು, ಕ್ಷಮಿಸಿ" ಎಂದು ಅತ್ತುಬಿಟ್ಟೆ. ಅವರ ಮೈದುನ ನಮ್ಮನ್ನೇ ನೋಡುತ್ತ ನಿಂತಿದ್ದ.

ವರ್ಷಗಳ ನಂತರ ಮ್ಯಾಜಿಸ್ಟ್ರೇಟರ ಕೋರ್ಟು ನಿಮ್ಮ ಅಪ್ಪನನ್ನು ಬಿಟ್ಟಿತು. ಅಪಘಾತವನ್ನು ಕಣ್ಣಾರೆ ಕಂಡೆ ಎಂದಿದ್ದ ರಸ್ತೆ ಬದಿಯ ಕ್ಯಾಂಟೀನಿನವನು, ಶಬ್ದ ಕೇಳಿದ ಮೇಲೆ ಹೊರಗೆ ಬಂದದ್ದು ಎಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡ. ಬರೀ "ಜೋರಾಗಿ ಬರುತ್ತಿತ್ತು" ಎಂದರೆ ಅಜಾಗರೂಕತೆ ಆಗುವುದಿಲ್ಲ ಎಂದು ತೀರ್ಪು. ಮೇಲಿನ ಕೋರ್ಟು ಕರೆದರೆ ಹಾಜರಾಗುತ್ತೇನೆ ಎಂದು ಆರು ತಿಂಗಳ ಮುಚ್ಚಳಿಕೆ ಬರೆಸಿಕೊಂಡರು. ನನ್ನ ತಮ್ಮ ಜಾಮೀನು ನಿಂತ. ಅದೆಲ್ಲ ಬರೀ ಕಾಗದದ ಶಾಸ್ತ್ರ ಎಂದುಕೊಂಡೆ. ದೈವಕ್ಕೆ ಹೇಳಿದ್ದ ಹರಕೆಯನ್ನೂ ತೀರಿಸಿದೆವು.

ನಾಲ್ಕನೆಯ ತಿಂಗಳಲ್ಲಿ ನೋಟಿಸು ಬಂತು. ನಾನು ಬಂಗುಡೆ ಶುಚಿ ಮಾಡುತ್ತಿದ್ದೆ. ಕೈ ತೊಳೆಯದೆ ಹಿಡಿದುಕೊಂಡೆ, ಕಾಗದದ ಮೂಲೆಯಲ್ಲಿ ಕಲೆ ಉಳಿಯಿತು. ಬಿಡುಗಡೆಯನ್ನು ಪ್ರಶ್ನಿಸಿ ಆ ಹೆಂಗಸು ಮೇಲ್ಮನವಿ ಹಾಕಿದ್ದರು.

ಮರುದಿನ ಬಲ್ಮಠದಲ್ಲಿ ನಮ್ಮ ವಕೀಲಮ್ಮನ ಆಫೀಸಿಗೆ ಹೋದೆವು. ನನ್ನ ಮಗಳ ಪ್ರಾಯದವರು.

"ಬಿಟ್ಟಾಯ್ತಲ್ಲ ಮೇಡಂ, ಪುನಃ ಹಿಡಿಯಲಿಕ್ಕೆ ಉಂಟಾ?" ಎಂದೆ.

"ಮೇಲ್ಮನವಿಗೆ ಅವಕಾಶ ಉಂಟು ಅಮ್ಮ. ಸರ್ಕಾರ ಹಾಕುವುದಾದರೆ ಈ ಕೇಸಿಗೆ ಹೈಕೋರ್ಟಿಗೆ ಹೋಗಬೇಕಿತ್ತು, ಅಲ್ಲಿ ಅನುಮತಿಯೂ ಕೇಳಬೇಕಿತ್ತು. ಅವರು ಹೋಗಲಿಲ್ಲ. ಸತ್ತವರ ಹೆಂಡತಿ ಕಾನೂನಿನ ಪ್ರಕಾರ ಸಂತ್ರಸ್ತೆ. ಅವರಿಗೆ ಸ್ವಂತ ಹಕ್ಕು, ಅನುಮತಿ ಬೇಡ. ಇಲ್ಲೇ ಸೆಷನ್ಸ್ ಕೋರ್ಟು."

"ಅಲ್ಲಿ ಎಂತ ಮಾಡ್ತಾರೆ?" ಎಂದು ನಿಮ್ಮ ಅಪ್ಪ ಕೇಳಿದ.

"ಕಡತ ತರಿಸಿ ಎಲ್ಲ ಸಾಕ್ಷ್ಯವನ್ನೂ ಪುನಃ ತೂಗಿ ನೋಡಬಹುದು. ಮೇಲ್ಮನವಿಯನ್ನು ವಜಾ ಮಾಡಬಹುದು. ಇನ್ನಷ್ಟು ವಿಚಾರಣೆ ಆಗಲಿ, ಇಲ್ಲ ಕೇಸೇ ಪುನಃ ನಡೆಯಲಿ ಅನ್ನಬಹುದು. ಬಿಡುಗಡೆ ತಪ್ಪು ಎಂದು ಕಂಡರೆ ಅವರೇ ಅಪರಾಧಿ ಎಂದು ಹೇಳಿ ಶಿಕ್ಷೆ ಕೊಡಬಹುದು."

ನಿಮ್ಮ ಅಪ್ಪ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದ. ವಕೀಲಮ್ಮ ಕಾಗದ ತಿರುಗಿಸಿ ನನ್ನನ್ನು ನೋಡಿದರು.

"ಅಮ್ಮ, ನೀವು ಅಕ್ಕಿ ತೆಗೆದುಕೊಂಡು ಹೋಗಿ ಕ್ಷಮಿಸಿ ಅಂದದ್ದನ್ನು ಇಲ್ಲಿ ದೊಡ್ಡದು ಮಾಡಿದ್ದಾರೆ. ತಪ್ಪು ಒಪ್ಪಿಕೊಂಡದ್ದಕ್ಕೆ ಅದೇ ಸಾಕ್ಷಿಯಂತೆ. ಕೆಳಗಿನ ಕೋರ್ಟು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಅಂತ ದೂರು."

ಮಗನನ್ನು ಜೈಲಿಗೆ ಕಳಿಸುವುದು ನನ್ನ ಬಾಯಿಯೇ ಎಂದು ಅನಿಸಿತು. "ನಾನೇ ಹೋಗಿ ಅವರ ಹತ್ತಿರ ಮಾತಾಡ್ಲಾ?" ಎಂದೆ.

"ಅಯ್ಯೋ, ದಯವಿಟ್ಟು ಬೇಡ! ಒಮ್ಮೆ ಹೋದದ್ದೇ ಎರಡು ಪುಟ ಆಗಿದೆ. ಇನ್ನೊಮ್ಮೆ ಹೋದರೆ ಬೆದರಿಸಲಿಕ್ಕೆ ಬಂದರು ಅಂತ ಬರೆಯುತ್ತಾರೆ. ಮನೆಯಲ್ಲಿ ಸುಮ್ಮನೆ ಕೂತಿರಿ ಮಾರಾಯ್ರೆ."

ನಿಮ್ಮ ಅಪ್ಪನಿಗೆ ಆಗಲೂ ನಗು ಬಂತು. "ಅಮ್ಮ ಜನ್ಮದಲ್ಲಿ ಮಾತಾಡಿದ್ದು ಒಂದೇ ಸಲ. ಅದೂ ಕೋರ್ಟಿಗೆ ಬಂತು" ಎಂದ. ನಾನು ನಗಲಿಲ್ಲ.

ಆ ಕೆಲವು ತಿಂಗಳು ನಾನು ಬಾಯಿ ತೆರೆಯಲೇ ಹೆದರಿದೆ. ಹಾಲಿನವನ ಹತ್ತಿರವೂ ಕೈ ಸನ್ನೆ. ನಿಮ್ಮ ಅಮ್ಮ ಗದರಿದಳು: "ಅತ್ತೆ, ಹಾಲಿನವನು ನಿಮ್ಮ ಮೇಲೆ ಅಪೀಲು ಹಾಕುವುದಿಲ್ಲ."

ವಾದದ ದಿನ ಸೆಷನ್ಸ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅದೇ ಬೆಂಚಿನ ಆ ತುದಿಯಲ್ಲಿ ಆ ಹೆಂಗಸು, ಪಕ್ಕದಲ್ಲಿ ಮೈದುನ. ಅಲ್ಲಿ ಸಾಕ್ಷಿಗಳನ್ನು ಕರೆಯಲಿಲ್ಲ. ಹಳೆಯ ಹೇಳಿಕೆಗಳನ್ನೇ ಓದಿ ವಕೀಲರು ವಾದಿಸಿದರು. ಅವರ ವಕೀಲರು, "ತಪ್ಪಿಲ್ಲದವರು ಅಕ್ಕಿ ಹೊತ್ತುಕೊಂಡು ಯಾಕೆ ಹೋಗುತ್ತಾರೆ ಸ್ವಾಮಿ?" ಎಂದಾಗ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ.

ನಮ್ಮ ವಕೀಲಮ್ಮ ಎದ್ದರು. "ಈ ಊರಿನಲ್ಲಿ ಸಾವಿನ ಮನೆಗೆ ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ. ಮಾತನಾಡಿದ್ದು ಆರೋಪಿಯ ತಾಯಿ, ಆರೋಪಿ ಅಲ್ಲ. ಅವರು ಅಪಘಾತವನ್ನು ನೋಡಿದವರೂ ಅಲ್ಲ" ಎಂದರು.

ತೀರ್ಪಿನ ದಿನ ನ್ಯಾಯಾಧೀಶರು ಓದಿದ್ದು ಎರಡೇ ಸಾಲು. ಮೇಲ್ಮನವಿ ವಜಾ, ಬಿಡುಗಡೆಯ ಆದೇಶ ಕಾಯಂ. ನನಗೆ ಅರ್ಥವಾಗಲಿಲ್ಲ. ನಿಮ್ಮ ಅಪ್ಪನ ಹೆಗಲು ಇಳಿದದ್ದು ನೋಡಿ ಗೊತ್ತಾಯಿತು.

ಹೊರಗೆ ಮೆಟ್ಟಿಲ ಹತ್ತಿರ ವಕೀಲಮ್ಮ ಬಿಡಿಸಿ ಹೇಳಿದರು. ಅಪರಾಧ ಸಾಬೀತಾಗುವ ತನಕ ಯಾರಾದರೂ ನಿರಪರಾಧಿಯೇ. ಕೋರ್ಟು ಒಮ್ಮೆ ಬಿಟ್ಟ ಮೇಲೆ ಆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಒಂದೇ ಸಾಕ್ಷ್ಯವನ್ನು ಎರಡು ರೀತಿ ನೋಡಲು ಸಾಧ್ಯವಿದ್ದರೆ, ಕೆಳಗಿನ ಕೋರ್ಟು ನೋಡಿದ ರೀತಿಯೂ ಸರಿಯೆನ್ನುವಂತಿದ್ದರೆ, ತನಗೆ ಬೇರೆ ಅನಿಸಿತೆಂಬ ಕಾರಣಕ್ಕೆ ಮೇಲಿನ ಕೋರ್ಟು ಅದನ್ನು ಕೆಡವುವುದಿಲ್ಲ.

"ಮತ್ತೆ ಅಕ್ಕಿ?" ಎಂದೆ.

"ದುಃಖ ಹೇಳಲು ಹೋದದ್ದು ತಪ್ಪೊಪ್ಪಿಗೆ ಆಗುವುದಿಲ್ಲ ಅಂತ ಬರೆದಿದ್ದಾರೆ ಅಮ್ಮ."

ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಅಲ್ಲಿಯೇ ಇಳಿಯಿತು. ಮೆಟ್ಟಿಲ ಮೇಲೆ ಕೂತು ಅತ್ತೆ. ನಿಮ್ಮ ಅಪ್ಪ ನೀರಿನ ಬಾಟ್ಲಿ ತರಲು ಓಡಿದ.

ಆಗ ಆ ಹೆಂಗಸು ಮೈದುನನನ್ನು ಬಿಟ್ಟು ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ.

"ಅಕ್ಕ, ಅಕ್ಕಿಯ ಸುದ್ದಿ ಬರೆಸಿದ್ದು ನಾನಲ್ಲ. ವಕೀಲರು ಕೇಳಿದರು, ಮೈದುನ ಹೇಳಿದ. ನಾವು ಅದನ್ನು ಬೇಯಿಸಿ ಉಂಡವರು."

"ಆಗಲಿ, ಬಿಡಿ" ಎಂದೆ.

"ನನಗೆ ಯಾರ ಮಗನೂ ಜೈಲಿಗೆ ಹೋಗಬೇಕು ಅಂತ ಇರಲಿಲ್ಲ. ಇವರು ಹೇಗೆ ಹೋದರು ಅಂತ ಮೇಲಿನವರು ಒಮ್ಮೆ ಸರಿಯಾಗಿ ನೋಡಲಿ ಅಂತಿತ್ತು. ನೋಡಿದರು." ಮೈದುನ ನಿಂತಿದ್ದ ಕಡೆ ತಿರುಗಿ ನೋಡಿ, "ಇನ್ನು ಹೈಕೋರ್ಟು ಅಂತ ಮೈದುನ ಹೇಳ್ತಾನೆ. ನನಗೆ ಸಾಕು" ಎಂದರು.

ನನ್ನ ಗಂಡ ಹೋದಾಗ ಯಾರೂ ಏನನ್ನೂ ನೋಡಲಿಲ್ಲ, ಕಡಲೇ ಕೊಂಡೊಯ್ದಿತು. ಅದನ್ನು ಅವರಿಗೆ ಹೇಳಿದೆ. ಜನ್ಮದಲ್ಲಿ ಎರಡನೆಯ ಸಲ ನಾನಾಗಿ ಮಾತನಾಡಿದ್ದು ಅದೇ ಇರಬೇಕು. ನಿಮ್ಮ ಅಪ್ಪ ನೀರು ತಂದ. ಅವರೂ ಕುಡಿದರು.

ಮಕ್ಕಳೇ, ನಿಮ್ಮ ಅಪ್ಪ ಒಬ್ಬರನ್ನು ಕೊಂದವನು ಎಂದು ಯಾರಾದರೂ ಹೇಳಿದರೆ ಜಗಳಕ್ಕೆ ಹೋಗಬೇಡಿ. ಎರಡು ಕೋರ್ಟುಗಳು ನೋಡಿವೆ, ಅವನ ತಪ್ಪು ಸಾಬೀತಾಗಲಿಲ್ಲ. ಒಬ್ಬರು ಸತ್ತದ್ದೂ ನಿಜ, ಅದನ್ನೂ ಮರೆಯಬೇಡಿ. ಎರಡೂ ತೀರ್ಪಿನ ಪ್ರತಿಗಳು ನನ್ನ ಟ್ರಂಕಿನಲ್ಲಿವೆ. ಈ ಹಾಳೆಗಳನ್ನೂ ಅವುಗಳ ಜೊತೆಗೇ, ಒದ್ದೆಯಾಗದ ಹಾಗೆ ಇಟ್ಟುಕೊಳ್ಳಿ.